ತೋರಿಸಿದ ಕಾರ್ಟ್ರಿಜ್ ಬೇರೆ, ಕೊಟ್ಟ ಕಾರ್ಟ್ರಿಜ್ ಬೇರೆ: ಹಳೇ ಲೇಸರ್ ಪ್ರಿಂಟರ್ ಕೊಳ್ಳುವವರು ಓದಿ

ಶಿವಮೊಗ್ಗದಲ್ಲಿ ಸೆಕೆಂಡ್ ಹ್ಯಾಂಡ್ ಪ್ರಿಂಟರ್ ನೋಡುತ್ತಿರುವವರು ದಯವಿಟ್ಟು ಓದಿ. ನಾನು ಕೊಂಡ ಅಂಗಡಿಯ ಜಾಹೀರಾತಿನಲ್ಲಿ ಇದ್ದದ್ದು ಇಷ್ಟು: "12A ಕಾರ್ಟ್ರಿಜ್, ಪುಟಕ್ಕೆ 15 ಪೈಸೆ, ಟೆಸ್ಟ್ ಪ್ರಿಂಟ್ ಓಕೆ, ಡ್ರೈವರ್ ಇದೆ." ನನ್ನೆದುರೇ ಟೆಸ್ಟ್ ಪೇಜ್ ಹೊಡೆದು ತೋರಿಸಿದರು. ಒಂದು ಚುಕ್ಕೆ ಇರಲಿಲ್ಲ. ದುಡ್ಡು ಕೊಟ್ಟೆ. "ಒಳಗೆ ಪ್ಯಾಕ್ ಮಾಡಿಸಿ ತರ್ತೀನಿ ಸಾರ್" ಅಂದರು. ಆಗಲೇ ನಾನು ಅವರ ಹಿಂದೆಯೇ ಒಳಗೆ ಹೋಗಬೇಕಿತ್ತು.

ಸಾಗರಕ್ಕೆ ತಂದು ಹಚ್ಚಿದರೆ ಪ್ರತಿ ಹಾಳೆಯಲ್ಲೂ ಕಪ್ಪು ಚುಕ್ಕೆ, ಒಂದರ ಕೆಳಗೊಂದು. ಸ್ಕೇಲ್ ಇಟ್ಟು ಅಳೆದೆ: ಸರಿಯಾಗಿ ಏಳೂವರೆ ಸೆಂಟಿಮೀಟರ್ ಅಂತರ. ತಿರುಗುತ್ತಾ ಹಾಳೆಗೆ ಟೋನರ್ ಪುಡಿ ಒತ್ತುವ 12A ಡ್ರಮ್ಮಿನ ಸುತ್ತಳತೆ ಅಷ್ಟೇ. ಡ್ರಮ್ ಮೇಲೆ ಒಂದು ಗೀರು ಬಿದ್ದರೆ ಅದು ಒಂದೊಂದು ಸುತ್ತಿಗೂ ಒಂದು ಚುಕ್ಕೆ ಒತ್ತುತ್ತದೆ. ಡ್ರಮ್ ಇರುವುದು ಕಾರ್ಟ್ರಿಜ್ ಒಳಗೇ. ಅಂಗಡಿಯ ಟೆಸ್ಟ್ ಪೇಜ್ ನನ್ನ ಹತ್ತಿರವೇ ಇದೆ, ಅದರಲ್ಲಿ ಚುಕ್ಕೆ ಇಲ್ಲ. ಅಂದರೆ ಒಳಗೆ ಹೋದಾಗ ಕಾರ್ಟ್ರಿಜ್ ಬದಲಾಗಿದೆ!

ಫೋನ್ ಮಾಡಿದರೆ, "ಮಳೆಗಾಲ ಅಲ್ವಾ ಸಾರ್, ನಿಮ್ಮ ಪೇಪರ್ ತೇವ ಆಗಿರುತ್ತೆ." ತೇವದ ಪೇಪರ್ ಸುರುಳಿಯಾಗುತ್ತದೆ, ಎರಡೆರಡು ಅಂಟಿಕೊಂಡು ಹೋಗುತ್ತದೆ, ಒಪ್ಪಿದೆ. ಅಳತೆ ಹಿಡಿದು ಚುಕ್ಕೆ ಇಡುವುದಿಲ್ಲ. ಆಮೇಲೆ, "ಹಾಗಾದ್ರೆ ಫ್ಯೂಸರ್ ಇರಬೇಕು." ಫ್ಯೂಸರ್ ಅಂದರೆ ಡ್ರಮ್ ದಾಟಿದ ಮೇಲೆ ಪುಡಿಯನ್ನು ಬಿಸಿ ಮಾಡಿ ಹಾಳೆಗೆ ಅಂಟಿಸುವ ಭಾಗ. ಅದನ್ನೂ ನೋಡಿದೆ. ಹಾಳೆ ಅರ್ಧ ಹೋಗುತ್ತಿದ್ದಾಗ ಮುಚ್ಚಳ ತೆಗೆದು ನಿಲ್ಲಿಸಿದೆ. ಫ್ಯೂಸರ್ ಮುಟ್ಟದ ಭಾಗದಲ್ಲೂ ಚುಕ್ಕೆ ಬಿದ್ದಾಗಿತ್ತು. ಕೊನೆಗೆ ಬಂದ ಉತ್ತರ: "12A ಅಂದ್ರೆ 12A ಸಾರ್, ನಿಮ್ಮೆದುರೇ ಪ್ರಿಂಟ್ ಕೊಟ್ಟಿದ್ದೀನಲ್ಲ." ಕೊಟ್ಟಿದ್ದು ಯಾವ ಕಾರ್ಟ್ರಿಜ್‌ನಲ್ಲಿ? ಅದಕ್ಕೆ ಉತ್ತರವಿಲ್ಲ, ಫೋನ್ ಕಟ್.

15 ಪೈಸೆ ಲೆಕ್ಕವೂ ಪೊಳ್ಳು. 300 ರೂಪಾಯಿ ರೀಫಿಲ್‌ಗೆ 2,000 ಪುಟ ಅಂತ ಹಿಡಿದ ಲೆಕ್ಕ ಅದು, ಪುಟದ ಶೇ. 5 ಮಾತ್ರ ಕಪ್ಪಿದ್ದರೆ. ಪಹಣಿ, ಅರ್ಜಿ ನಮೂನೆ ಹೊಡೆಯುವವರಿಗೆ ನನ್ನ ಅನುಭವದಲ್ಲಿ 1,200 ಬಂದರೆ ಹೆಚ್ಚು. ಅಲ್ಲಿಗೇ 25 ಪೈಸೆ. ಎರಡು ರೀಫಿಲ್‌ಗೊಮ್ಮೆ 350 ರೂಪಾಯಿಯ ಡ್ರಮ್ ಸೇರಿಸಿದರೆ 40 ಪೈಸೆ ಹತ್ತಿರ, ಪೇಪರ್ ಬಿಟ್ಟು.

ಇನ್ನೊಂದು, ಅಂಗಡಿಯಲ್ಲಿ ಒಂದೊಂದೇ ಹಾಳೆ ಕೈಯಲ್ಲಿ ಕೊಟ್ಟು ತೋರಿಸಿದರು. ಟ್ರೇಯಲ್ಲಿ 20 ಹಾಳೆ ಇಟ್ಟರೆ ಮೂರು ಒಟ್ಟಿಗೆ ಎಳೆಯುತ್ತದೆ. ಹಾಳೆ ಬಿಡಿಸುವ ಪ್ಯಾಡ್ ಸವೆದಿದೆ. ಒಂದೇ ಹಾಳೆ ಇಟ್ಟರೆ ಇದು ಗೊತ್ತೇ ಆಗುವುದಿಲ್ಲ. ಕೊಟ್ಟ ಸಿ.ಡಿ.ಯಲ್ಲಿದ್ದದ್ದು 32 ಬಿಟ್ ಡ್ರೈವರ್, ನನ್ನ ವಿಂಡೋಸ್ 64 ಬಿಟ್. ಕಂಪನಿ ಸೈಟಿನಿಂದ ನಾನೇ ಇಳಿಸಿಕೊಳ್ಳಬೇಕಾಯಿತು.

ಹೋಗುವಾಗ ನಿಮ್ಮದೇ ಲ್ಯಾಪ್‌ಟಾಪ್ ಒಯ್ಯಿರಿ, ಡ್ರೈವರ್ ಮೊದಲೇ ಹಾಕಿಕೊಂಡಿರಿ. ಟ್ರೇ ತುಂಬಿಸಿ 20 ಹಾಳೆ ಹೊಡೆಸಿ. ಪ್ರಿಂಟ್ ಸರಿ ಬಂದ ತಕ್ಷಣ ಕಾರ್ಟ್ರಿಜ್ ಹೊರಗೆ ತೆಗೆಸಿ, ಮಾರ್ಕರ್‌ನಲ್ಲಿ ಅದರ ಮೇಲೆ ನಿಮ್ಮ ಸಹಿ ಹಾಕಿ. ಪ್ಯಾಕ್ ಮಾಡುವುದು ನಿಮ್ಮ ಕಣ್ಣೆದುರೇ ಆಗಲಿ, ಒಳಗೆ ಒಯ್ಯಲು ಬಿಡಬೇಡಿ.