ಹೆಸರು ನನ್ನದು, ಪ್ಯಾನ್ ಅಪ್ಪನದು

ಕಂಪನಿಯವರು ಕೊಟ್ಟ ಟಿಡಿಎಸ್ ಕಾಗದವನ್ನು ಹೆಸರು ನೋಡಿ ಫೈಲಿಗೆ ಸೇರಿಸುವವರು ಇದನ್ನು ಓದಿ. ನಾನೂ ಹಾಗೇ ಸೇರಿಸಿದವನು.

ಹಾಸನದ ಒಂದು ಕಾಫಿ ಕ್ಯೂರಿಂಗ್ ಘಟಕದ ಯಂತ್ರಗಳ ರಿಪೇರಿ ಮೊದಲು ಅಪ್ಪನದು. 2024ರ ಏಪ್ರಿಲ್‌ನಿಂದ ನನ್ನದು. ಹೊಸ ಜಿಎಸ್‌ಟಿ ಸಂಖ್ಯೆ, ಪ್ಯಾನ್, ಬ್ಯಾಂಕ್ ಖಾತೆ ಎಲ್ಲವನ್ನೂ ಪತ್ರದ ಜೊತೆ ಕೊಟ್ಟು ಬಂದೆ. ಆ ವರ್ಷ ಜಿಎಸ್‌ಟಿ ಬಿಟ್ಟು 8,40,000 ರೂಪಾಯಿಯ ಬಿಲ್ಲು. ಆದಾಯ ತೆರಿಗೆ ಕಾಯ್ದೆಯ 194ಸಿ ಪ್ರಕಾರ ತೆರಿಗೆಗೆಂದು ಶೇ. 1, ಅಂದರೆ 8,400 ರೂಪಾಯಿ ಹಿಡಿದುಕೊಂಡರು. ಉಳಿದ ಹಣ ನನ್ನ ಖಾತೆಗೇ ಬಂತು. ಮೂರು ತಿಂಗಳಿಗೊಮ್ಮೆ 'ಟಿಡಿಎಸ್ ಪ್ರಮಾಣಪತ್ರ'ವೂ ಬಂತು, ನನ್ನ ಹೆಸರಿನಲ್ಲೇ. ಅನುಮಾನ ಪಡುವುದಕ್ಕೆ ಏನಿತ್ತು ಹೇಳಿ?

ಜುಲೈನಲ್ಲಿ ರಿಟರ್ನ್ಸ್ ಸಲ್ಲಿಸಲು ಹೋದರೆ ಆಡಿಟರ್ ನನ್ನ ಪ್ಯಾನಿಗೆ ಜಮೆಯಾದ ತೆರಿಗೆ ತೋರಿಸುವ 26ಎಎಸ್ ಪಟ್ಟಿ ತೆರೆದು, "ಇಲ್ಲಿ ಒಂದು ರೂಪಾಯಿಯೂ ಇಲ್ಲವಲ್ಲ" ಎಂದರು. ಆ ನಾಲ್ಕು ಕಾಗದಗಳನ್ನು ಅವರ ಮುಂದೆ ಬೀಸಿದೆ. ಅವರು ಪೆನ್ನಿನ ತುದಿಯನ್ನು ಒಂದು ಸಾಲಿನ ಮೇಲಿಟ್ಟರು. ಪ್ಯಾನ್ ಅಪ್ಪನದು! ನಾಲ್ಕರಲ್ಲೂ ಅಪ್ಪನದು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಆಗಿದ್ದು ಇಷ್ಟು. ಕಂಪನಿಯ ಲೆಕ್ಕದ ತಂತ್ರಾಂಶವಾದ ಇಆರ್‌ಪಿಯಲ್ಲಿ ನನಗೆ ಹೊಸ ವೆಂಡರ್ ಕೋಡ್ ತೆರೆಯದೆ ಅಪ್ಪನ ಹಳೆಯ ಕೋಡಿನಲ್ಲೇ ಹೆಸರು ಮತ್ತು ಖಾತೆ ಬದಲಿಸಿದ್ದಾರೆ, ಪ್ಯಾನ್ ಬಿಟ್ಟಿದ್ದಾರೆ. ನಮಗೆ ಕೊಟ್ಟಿದ್ದು ಆ ತಂತ್ರಾಂಶವೇ ಮುದ್ರಿಸಿದ ಕಾಗದ, ನಿಜವಾದ ಟಿಡಿಎಸ್ ಪ್ರಮಾಣಪತ್ರವಾದ 16ಎ ಅಲ್ಲ. 16ಎ ಆದಾಯ ತೆರಿಗೆ ಇಲಾಖೆಯ ಟ್ರೇಸಸ್ ಜಾಲತಾಣದಿಂದ ಇಳಿಸಿದ್ದಾಗಿರಬೇಕು. ಅಲ್ಲಿ ಹೆಸರು ಪ್ಯಾನ್ ದಾಖಲೆಯಿಂದ ಬರುತ್ತದೆ. ಅದನ್ನೇ ಕೊಟ್ಟಿದ್ದರೆ ಮೊದಲ ಸಲವೇ ಅಪ್ಪನ ಹೆಸರು ಕಣ್ಣಿಗೆ ಬೀಳುತ್ತಿತ್ತು. ಹೋಗಲಿ, ನನ್ನ ಪ್ರತಿ ಬಿಲ್ಲಿನ ಮೇಲೂ ಜಿಎಸ್‌ಟಿ ಸಂಖ್ಯೆ ಇದೆಯಲ್ಲ, ಅದರ ಮೂರನೆಯ ಅಕ್ಷರದಿಂದ ಹನ್ನೆರಡನೆಯದರವರೆಗೆ ಇರುವುದು ಪ್ಯಾನೇ. ಒಬ್ಬರೂ ತಾಳೆ ನೋಡಲಿಲ್ಲ.

ಫೋನ್ ಮಾಡಿದರೆ ಲೆಕ್ಕಪತ್ರ ವಿಭಾಗದವರು, "ಚಲನ್ ಕಟ್ಟಿ ಆಗಿದೆ ಸರ್, ಸಿಸ್ಟಮ್‌ನಲ್ಲಿ ಎಲ್ಲ ಸರಿಯಾಗಿದೆ" ಎಂದರು. ಎರಡನೆಯ ಸಲ, "ನಿಮ್ಮ ತಂದೆಯವರೇ ತಾನೇ ಸರ್, ಹಣ ಮನೆಯಲ್ಲೇ ಇದೆಯಲ್ಲ!" ಮನೆಯಲ್ಲೇ ಇದೆಯಂತೆ! ಕೆಲಸ ಬಿಟ್ಟು ಕೂತ ಅಪ್ಪನ ಹೆಸರಿಗೆ ಎಂಟು ಲಕ್ಷದ ಗುತ್ತಿಗೆ ಹಣ ಬಂದಂತೆ ಇಲಾಖೆಯಲ್ಲಿ ದಾಖಲಾಗಿದೆ. ನಾಳೆ ನೋಟಿಸ್ ಬಂದರೆ ಉತ್ತರ ಕೊಡುವವರು ಯಾರು?

ಮೂರನೆಯ ಸಲ, "ಪ್ಯಾನ್ ಸರಿಪಡಿಸಿದ್ದೇವೆ, ಇನ್ನು ತೊಂದರೆ ಇಲ್ಲ" ಎಂದರು. ನಮ್ಮ ವಿವರಗಳಿರುವ ವೆಂಡರ್ ಮಾಸ್ಟರ್‌ನಲ್ಲಿ ಸರಿಪಡಿಸಿದರೆ ಮುಂದಿನ ಬಿಲ್ಲಿಗೆ ಸರಿ. ಇಲಾಖೆಗೆ ಈಗಾಗಲೇ ಸಲ್ಲಿಸಿದ ನಾಲ್ಕು ತ್ರೈಮಾಸಿಕ ಟಿಡಿಎಸ್ ವರದಿಗಳಿಗೂ, ಅಂದರೆ 26ಕ್ಯೂಗಳಿಗೂ ತಿದ್ದುಪಡಿ ಸಲ್ಲಿಸದೆ ಹಳೆಯದು ನನ್ನ ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ಅವರಿಗೆ ನಾನು ಹೇಳಿಕೊಡಬೇಕಾಯಿತು, ನಟ್ಟು ಬೋಲ್ಟು ಬಿಗಿಯುವ ನಾನು!

ವೆಂಡರ್ ಮಾಸ್ಟರ್‌ನ ಮುದ್ರಿತ ಪ್ರತಿ ಕೇಳಿ ಪಡೆಯಿರಿ. ಟ್ರೇಸಸ್‌ನ 16ಎ ಅಲ್ಲದೆ ಬೇರೆ ಕಾಗದ ಒಪ್ಪಬೇಡಿ. ಮೊದಲ ತ್ರೈಮಾಸಿಕದ 26ಕ್ಯೂಗೆ ಜುಲೈ 31 ಕಡೆಯ ದಿನ, ಅದಾಗಿ ಹದಿನೈದು ದಿನದೊಳಗೆ 16ಎ ಕೊಡಬೇಕು. ಆಗಲೇ 26ಎಎಸ್ ತೆರೆದು ನೋಡಿ, ನನ್ನ ಹಾಗೆ ವರ್ಷ ಕಾಯಬೇಡಿ.

ಇವತ್ತಿಗೆ ಒಂದು ತ್ರೈಮಾಸಿಕದ 2,100 ರೂಪಾಯಿ ಮಾತ್ರ ನನ್ನ 26ಎಎಸ್‌ಗೆ ಬಂದಿದೆ. ಉಳಿದ ಮೂರಕ್ಕೆ "ಮುಂದಿನ ವಾರ ಸರ್" ಎನ್ನುತ್ತಿದ್ದಾರೆ.