ಮಾವಿನ ಹೂ ನೋಡಿ ಮುಂಗಡ ಕೊಡುವವರಿಗೆ

ಶ್ರೀನಿವಾಸಪುರದ ಕಡೆ ಮಾವು ಹೂ ಬಿಡುವ ಹೊತ್ತಿಗೆ ತೋಪು ಹಿಡಿಯುವ ದಲ್ಲಾಳಿಗಳ ಓಡಾಟವೂ ಶುರುವಾಗುತ್ತದೆ. ಹೂವಿನ ಮೇಲೆಯೇ ಫಸಲಿನ ಬೆಲೆ ಕಟ್ಟಿ ಮುಂಗಡ ಕೇಳುತ್ತಾರೆ. ಕೊಡುವ ಮೊದಲು ನನ್ನ ಭಾವನಿಗೆ ಆದದ್ದನ್ನು ಓದಿ. ಅವರ ಮಂಡಿಯ ಲೆಕ್ಕ ಬರೆಯುವವನು ನಾನೇ ಆದ್ದರಿಂದ ಅಂಕಿಗಳು ಕಂಠಪಾಠವಾಗಿವೆ.

ಆರು ಎಕರೆ ತೋಪು, ಬಹುಪಾಲು ತೋತಾಪುರಿ. ಜನವರಿಯಲ್ಲಿ, ಮರದಲ್ಲಿ ಬರೀ ಹೂ ಇದ್ದಾಗ, ಒಬ್ಬ ವ್ಯಾಪಾರಿ ಮಾಲೀಕರಿಂದ ಫಸಲನ್ನು 2.2 ಲಕ್ಷಕ್ಕೆ ಹಿಡಿದು 1 ಲಕ್ಷ ಮುಂಗಡ ಕೊಟ್ಟ. ತಿಂಗಳೊಳಗೆ ಅದೇ ಫಸಲನ್ನು ಭಾವನಿಗೆ 3 ಲಕ್ಷಕ್ಕೆ ದಾಟಿಸಿ 1.8 ಲಕ್ಷ ಕೈಗೆ ತೆಗೆದುಕೊಂಡ. ಆಗಲೂ ಮರದಲ್ಲಿದ್ದದ್ದು ಹೂವೇ. ಅವನು ಒಂದು ಸಲವೂ ಔಷಧಿ ಹೊಡೆಸಿರಲಿಲ್ಲ, ಕಾವಲು ಇಟ್ಟಿರಲಿಲ್ಲ. ಒಪ್ಪಂದವೆಂದರೆ ಒಂದು ಬಿಳಿ ಹಾಳೆ: ‘ಈ ಸಾಲಿನ ಪೂರ್ತಿ ಫಸಲು’. ಎಷ್ಟು ಮರ, ಯಾವ ತಳಿ, ಆಲಿಕಲ್ಲು ಬಿದ್ದರೆ ನಷ್ಟ ಯಾರದು, ಒಂದು ಮಾತೂ ಅದರಲ್ಲಿರಲಿಲ್ಲ.

ಇಪ್ಪತ್ತನಾಲ್ಕು ಟನ್ ಬರುತ್ತದೆ, ಕಿಲೋಗೆ ಇಪ್ಪತ್ತು ಸಿಕ್ಕರೂ 4.8 ಲಕ್ಷ ಎಂಬುದು ಅಂದಾಜು. ಮೊದಲು ಜಿಗಿಹುಳು ಬಿತ್ತು, ಹಿಂದೆಯೇ ಬೂದಿರೋಗ. ಅಳಿದುಳಿದ ಕಾಯಿ ದಪ್ಪವಾಗುವಷ್ಟರಲ್ಲಿ ಆಲಿಕಲ್ಲು ಮಳೆ. ಕೊಯ್ದದ್ದು ಎಂಟು ಟನ್. ಕಲ್ಲೇಟಿನ ಕಪ್ಪು ಕಲೆಯ ಕಾಯಿಗೆ ಕಿಲೋಗೆ ಹನ್ನೆರಡರಂತೆ ಕೈಗೆ ಬಂದದ್ದು 96 ಸಾವಿರ. ಔಷಧಿ, ಕಾವಲು, ಕೊಯ್ಲಿಗೆ ಅಷ್ಟರಲ್ಲಿ 60 ಸಾವಿರ ಖರ್ಚಾಗಿತ್ತು.

ಜಗಳ ಹತ್ತಿದ್ದು ಆಮೇಲೆ. ಬಾಕಿ 1.2 ಲಕ್ಷ ಬಂದಿಲ್ಲವೆಂದು ತೋಪಿನ ಮಾಲೀಕರು ಲಾರಿಯನ್ನು ಗೇಟಿನಲ್ಲೇ ತಡೆದರು. ಮಧ್ಯದವನು ಭಾವನ ಕಡೆ ಕೈ ತೋರಿಸಿದ. ಅವನಿಂದ ಮಾಲೀಕರಿಗೆ ಹೋಗಿದ್ದದ್ದು ಒಂದೇ ಲಕ್ಷ, ಭಾವನ ಹಣದಲ್ಲಿ 80 ಸಾವಿರ ಅವನ ಜೇಬಿನಲ್ಲೇ ಇತ್ತು. ಮಾಲೀಕರಿಗೆ ಭಾವ ಯಾರೆಂದೇ ಗೊತ್ತಿರಲಿಲ್ಲ, ಭಾವನಿಗೆ ಅವರೊಂದಿಗೆ ಕರಾರೇ ಇರಲಿಲ್ಲ. ವಕೀಲರು ಹಾಳೆ ನೋಡಿ, 1930ರ ಸರಕು ಮಾರಾಟ ಕಾಯ್ದೆ ಮುಂದೆ ಬರಲಿರುವ ಸರಕನ್ನೂ ಮಾರುವ ಕರಾರಿಗೆ ಅವಕಾಶ ಕೊಡುತ್ತದೆ, ಫಸಲು ಕೈಕೊಟ್ಟಿತೆಂದ ಮಾತ್ರಕ್ಕೆ ಕೊಟ್ಟ ಹಣ ವಾಪಸು ಬರುತ್ತದೆಂದು ನಂಬಿ ಕೂರಬೇಡಿ ಎಂದರು.

ಮಾತು ಮಸೀದಿಯ ಮೌಲವಿಗಳ ಮುಂದೆ ಹೋಯಿತು. ಅವರು ನಷ್ಟದ ವಿಷಯ ಎತ್ತಲೇ ಇಲ್ಲ. ‘ಬೆಲೆ ಕಟ್ಟಿದ ದಿನ ಕಾಯಿ ಕಚ್ಚಿತ್ತೇ?’ ಎಂದು ಕೇಳಿದರು. ಇಲ್ಲ ಎಂದೆವು. ‘ಹಾಗಾದರೆ ಮಾರಿದ್ದು ಏನನ್ನು?’ ಎಂದರು.

ಇಸ್ಲಾಮಿನ ವ್ಯಾಪಾರ ಧರ್ಮದಲ್ಲಿ ಇದಕ್ಕೆ ‘ಘರರ್’ ಎನ್ನುತ್ತಾರೆ. ಸರಕು ಇದೆಯೋ ಇಲ್ಲವೋ, ಎಷ್ಟಿದೆ, ಕೈಗೆ ಸಿಗುತ್ತದೋ ಇಲ್ಲವೋ ತಿಳಿಯದಂತೆ ಕಟ್ಟಿದ ವ್ಯಾಪಾರ. ನೀರಿನೊಳಗಿನ ಮೀನು, ಓಡಿಹೋದ ಒಂಟೆ, ಹೊಟ್ಟೆಯಲ್ಲಿರುವ ಕರು ಇವೆಲ್ಲ ಫಿಕ್ಹ್ ಎಂಬ ಇಸ್ಲಾಮಿನ ಧರ್ಮಶಾಸ್ತ್ರದ ಪುಸ್ತಕಗಳ ಹಳೆಯ ಉದಾಹರಣೆಗಳು. ನಮಗೆ ತೀರ ಹತ್ತಿರದ್ದು ಮದೀನಾದ ಖರ್ಜೂರದ ತೋಟ. ಪ್ರವಾದಿಗಳ ಸಂಗಾತಿ ಝೈದ್ ಬಿನ್ ಸಾಬಿತ್ ಹೇಳಿದ್ದು ಪ್ರವಾದಿಗಳ ನಡೆನುಡಿ ದಾಖಲಿಸಿದ ಹದೀಸ್ ಸಂಗ್ರಹಗಳಲ್ಲಿ ಉಳಿದಿದೆ. ಜನ ಹಣ್ಣನ್ನು ಮೊದಲೇ ಮಾರಿಬಿಡುತ್ತಿದ್ದರು. ಕೊಯ್ಲಿಗೆ ಬಂದು ಮಾರಿದವನು ಹಣ ಕೇಳಿದಾಗ ಕೊಂಡವನು ಹಣ್ಣು ಕಪ್ಪಾಗಿದೆ, ರೋಗ ಬಿದ್ದಿದೆ, ಕಾಯಿ ಉದುರಿದೆ ಎಂದು ತಕರಾರು ತೆಗೆಯುತ್ತಿದ್ದ. ಇಂಥ ವ್ಯಾಜ್ಯಗಳು ಹೆಚ್ಚಿದಾಗ ಪ್ರವಾದಿಗಳು, ಹಣ್ಣು ಬಲಿತ ಲಕ್ಷಣ ಕಾಣುವವರೆಗೆ ಮಾರಬೇಡಿ ಎಂದರು. ಖರ್ಜೂರಕ್ಕೆ ಲಕ್ಷಣವೆಂದರೆ ಕೆಂಪು ಅಥವಾ ಹಳದಿ ಬಣ್ಣಕ್ಕೆ ತಿರುಗುವುದು. ಕಾರಣವನ್ನೂ ಹೇಳಿದರು: ದೇವರು ಹಣ್ಣನ್ನೇ ತಡೆಹಿಡಿದರೆ, ನಿಮ್ಮಲ್ಲೊಬ್ಬ ತನ್ನ ಸಹೋದರನ ಹಣವನ್ನು ಯಾವ ಆಧಾರದಿಂದ ತೆಗೆದುಕೊಳ್ಳುತ್ತಾನೆ?

ಝೈದ್ ಅವರು ಸುರಯ್ಯಾ ನಕ್ಷತ್ರ ಮೂಡಿ, ಕಾಯಿ ಹಳದಿಯೋ ಕೆಂಪೋ ಎಂದು ಗುರುತು ಹತ್ತುವವರೆಗೆ ತಮ್ಮ ತೋಟದ ಹಣ್ಣು ಮಾರುತ್ತಿರಲಿಲ್ಲವಂತೆ. ಸುರಯ್ಯಾ ಎಂದರೆ ನಮ್ಮ ಕೃತ್ತಿಕೆಯೇ. ಬೇಸಿಗೆ ಬಲಿತು ಅದು ಮುಂಜಾನೆ ಕಾಣಿಸಿಕೊಳ್ಳುವ ಹೊತ್ತಿಗೆ ರೋಗದ ಭಯ ಕಳೆದಿರುತ್ತಿತ್ತು. ಕೃತ್ತಿಕೆ ಮಳೆಯ ಲೆಕ್ಕ ಇಟ್ಟುಕೊಂಡೇ ಬೆಳೆಯುವ ನಮ್ಮ ರೈತರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ಎಲ್ಲ ಪಂಥಗಳೂ ಒಂದೇ ಅಳತೆ ಹಿಡಿದಿಲ್ಲ ಎಂಬುದನ್ನೂ ಹೇಳಬೇಕು. ನಮ್ಮ ಕಡೆಯ ಮುಸ್ಲಿಮರಲ್ಲಿ ಹೆಚ್ಚಿನವರು ಅನುಸರಿಸುವ ಹನಫಿ ಪಂಥದಲ್ಲಿ ಕಾಯಿ ಕಚ್ಚಿದ ಮೇಲೆ, ಪೂರ್ತಿ ಬಲಿಯದಿದ್ದರೂ, ಮಾರಾಟಕ್ಕೆ ದಾರಿಯಿದೆ. ಕರಾವಳಿಯ ಶಾಫಿಗಳು ಇನ್ನೂ ಬಿಗಿ: ಬಲಿಯದ ಕಾಯಿಯನ್ನು ಆಗಲೇ ಕಿತ್ತುಕೊಳ್ಳುವ ಷರತ್ತಿನ ಮೇಲಷ್ಟೇ ಮಾರಬಹುದು. ಆದರೆ ಇನ್ನೂ ಹುಟ್ಟದ ಕಾಯಿಯನ್ನು ಮಾರುವುದು ಎರಡರಲ್ಲೂ ಇಲ್ಲ. ‘ಮೂರು ವರ್ಷದ ಫಸಲು ಒಟ್ಟಿಗೆ’ ಎಂದು ದಲ್ಲಾಳಿ ಆಸೆ ತೋರಿಸಿದರಂತೂ ದೂರವಿರಿ. ಹಲವು ವರ್ಷಗಳ ಫಸಲನ್ನು ಮುಂಚಿತವಾಗಿ ಮಾರುವುದನ್ನು ಪ್ರವಾದಿಗಳು ಹೆಸರೆತ್ತಿಯೇ ತಡೆದಿದ್ದರು. ಮಾವಿನ ಅನೇಕ ತಳಿಗಳು ಒಂದು ವರ್ಷ ಬಿಟ್ಟರೆ ಮುಂದಿನ ವರ್ಷ ಕೈಕೊಡುತ್ತವೆ ಎಂಬುದು ದಲ್ಲಾಳಿಗೂ ಗೊತ್ತು.

ಭಾವನ ವ್ಯಾಪಾರದಲ್ಲಿ ಎರಡನೆಯ ದೋಷವೂ ಇತ್ತು, ನನ್ನ ಪ್ರಕಾರ ಅದೇ ದೊಡ್ಡದು. ಮಧ್ಯದವನು ತನ್ನ ವಶಕ್ಕೆ ಬಾರದ್ದನ್ನು ಮಾರಿದ. ಆಹಾರಧಾನ್ಯ ಕೊಂಡವನು ಅದನ್ನು ವಶಕ್ಕೆ ಪಡೆಯದೆ ಮಾರಬಾರದು ಎಂಬುದು ಮದೀನಾದ ಪೇಟೆಯ ನಿಯಮ. ಅಳೆಯದೆ ರಾಶಿಯಾಗಿ ಕೊಂಡದ್ದನ್ನು ಬೇರೆಡೆಗೆ ಸಾಗಿಸದೆ ಅಲ್ಲೇ ಮಾರಿದವರಿಗೆ ಏಟು ಬೀಳುತ್ತಿತ್ತೆಂದು ಪ್ರವಾದಿಗಳ ಇನ್ನೊಬ್ಬ ಸಂಗಾತಿ ಇಬ್ನ್ ಉಮರ್ ನೆನೆಯುತ್ತಾರೆ. ಮುಂದೆ ಮರ್ವಾನ್ ಮದೀನಾದ ರಾಜ್ಯಪಾಲನಾಗಿದ್ದಾಗ ಅಲ್-ಜಾರ್ ಬಂದರಿನಲ್ಲಿ ಸಿಗಬೇಕಾದ ಧಾನ್ಯಕ್ಕೆ ಚೀಟಿಗಳನ್ನು ಹಂಚಲಾಯಿತು. ಧಾನ್ಯ ಕೈಗೆ ಬರುವ ಮೊದಲೇ ಜನ ಚೀಟಿಯನ್ನೇ ಒಬ್ಬರಿಂದೊಬ್ಬರಿಗೆ ಮಾರತೊಡಗಿದರು. ಝೈದ್ ಮತ್ತು ಇನ್ನೊಬ್ಬ ಸಂಗಾತಿ ಹೋಗಿ, ಬಡ್ಡಿಯನ್ನು ಸಕ್ರಮ ಮಾಡುತ್ತಿದ್ದೀಯಾ ಎಂದು ಮರ್ವಾನನನ್ನೇ ದಬಾಯಿಸಿದರು. ಆತ ಕಾವಲುಗಾರರನ್ನು ಕಳಿಸಿ ಚೀಟಿಗಳನ್ನು ಕಸಿದು ಮೂಲ ಹಕ್ಕುದಾರರಿಗೆ ಮರಳಿಸಿದ.

ನಮ್ಮ ಬಿಳಿ ಹಾಳೆಯೂ ಅಂಥದೇ ಚೀಟಿ. ಮಧ್ಯದವನು ಹೊರೆ ಹೊರದೆ 80 ಸಾವಿರ ಲಾಭ ಬರೆದುಕೊಂಡ, ಆಲಿಕಲ್ಲು ಬಿದ್ದದ್ದು ಚೀಟಿ ಕೊನೆಗೆ ಯಾರ ಕೈಯಲ್ಲಿತ್ತೋ ಅವರ ತಲೆಯ ಮೇಲೆ. ಕೈ ಬದಲಾದಂತೆಲ್ಲ ಬೆಲೆ ಏರುತ್ತದೆ, ಮರದಲ್ಲಿ ಒಂದು ಕಾಯಿಯೂ ಹೆಚ್ಚುವುದಿಲ್ಲ.

ಮುಂಗಡವೇ ನಿಷಿದ್ಧ ಎಂದುಕೊಳ್ಳಬೇಡಿ. ಮದೀನಾದ ಜನ ಎರಡು ಮೂರು ವರ್ಷ ಮುಂಚಿತವಾಗಿ ಹಣ ಕೊಟ್ಟು ಖರ್ಜೂರ ಕೊಳ್ಳುತ್ತಿದ್ದರು. ಪ್ರವಾದಿಗಳು ಅದನ್ನು ನಿಲ್ಲಿಸದೆ, ಅಳತೆ, ತೂಕ, ಗಡುವು ಗೊತ್ತಿರಲಿ ಎಂದರು. ಇದಕ್ಕೆ ಸಲಮ್ ಎನ್ನುತ್ತಾರೆ. ಇಲ್ಲಿ ಮಾರುವುದು ಇಂಥ ಮರದ ಫಸಲನ್ನಲ್ಲ, ಗೊತ್ತಾದ ತೂಕದ ಸರಕನ್ನು. ಇಂಥ ತಳಿ, ಇಂಥ ದರ್ಜೆ, ಹತ್ತು ಟನ್, ಜೂನ್ ಹದಿನೈದಕ್ಕೆ ಇಂಥ ಮಂಡಿಯಲ್ಲಿ ಎಂದು ಬರೆದು, ಪೂರ್ತಿ ಹಣವನ್ನು ಕರಾರಿನ ಹೊತ್ತಿಗೇ ಕೊಡಬೇಕು. ‘ಇದೇ ತೋಪಿನ ಕಾಯಿ’ ಎಂದು ಬರೆದರೆ ಕೆಟ್ಟಿತು. ತೋಪಿಗೆ ರೋಗ ಬಿದ್ದರೆ ಮಾರುವವನು ಬೇರೆಡೆಯಿಂದ ತಂದಾದರೂ ತೂಕ ಒಪ್ಪಿಸಬೇಕು. ಹನಫಿಗಳು ಇದಕ್ಕೂ ಒಂದು ಕಟ್ಟು ಹಾಕುತ್ತಾರೆ: ಕರಾರಿನ ದಿನದಿಂದ ಗಡುವಿನವರೆಗೆ ಆ ಸರಕು ಪೇಟೆಯಲ್ಲಿ ಸಿಗುತ್ತಿರಬೇಕು. ಹೂವಿನ ಕಾಲದಲ್ಲಿ ತಾಜಾ ಮಾವಿಗೆ ಈ ದಾರಿ ಕಷ್ಟ, ಮೌಲವಿಗಳನ್ನು ಕೇಳದೆ ಇಳಿಯಬೇಡಿ.

ನಮ್ಮ ಪಂಚಾಯಿತಿಯಲ್ಲಿ ಮಧ್ಯದವನು 80 ಸಾವಿರವನ್ನೂ ಮಾಲೀಕರಿಗೆ ಕೊಡಬೇಕೆಂದು, ಭಾವ ಬಾಕಿ ಏನೂ ಕೊಡಬೇಕಿಲ್ಲವೆಂದು ಒಪ್ಪಂದವಾಯಿತು. ಮಾಲೀಕರು ಉಳಿದ 40 ಸಾವಿರ ಬಿಟ್ಟರು. ಹಾಗಿದ್ದೂ ಭಾವ ಕಳೆದುಕೊಂಡದ್ದು 1.44 ಲಕ್ಷ.

ಈಗ ಅವರು ಅದೇ ಮಾಲೀಕರೊಂದಿಗೆ ನೇರವಾಗಿ ಪಾಲಿನ ಮೇಲೆ ತೋಪು ನೋಡಿಕೊಳ್ಳುತ್ತಾರೆ. ಔಷಧಿ, ಕಾವಲು ಭಾವನದು, ಬಂದ ಕಾಯಿಯಲ್ಲಿ ಅರ್ಧರ್ಧ. ಪ್ರವಾದಿಗಳು ಖೈಬರಿನ ತೋಟಗಳನ್ನು ಅಲ್ಲಿನ ಯಹೂದಿಗಳಿಗೆ ಬಿಟ್ಟದ್ದೂ ಅರ್ಧ ಪಾಲಿನ ಮೇಲೆಯೇ. ಹಾಳೆಯಲ್ಲಿ ಮರಗಳ ಸಂಖ್ಯೆ ಇದೆ, ಭಾವ ತನ್ನ ಪಾಲನ್ನು ಕೊಯ್ಲಿಗೆ ಮೊದಲು ಇನ್ನೊಬ್ಬರಿಗೆ ಮಾರುವಂತಿಲ್ಲ ಎಂಬ ಸಾಲೂ ಇದೆ.