ಡೆಲ್ಟಾ ಹೆಜ್ ವಾರಕ್ಕೊಮ್ಮೆನಾ, ದಿನಕ್ಕೊಮ್ಮೆನಾ, ಗಂಟೆಗೊಮ್ಮೆನಾ, ಇಲ್ಲಾ ಬ್ಯಾಂಡ್ ಇಟ್ಕೊಂಡಾ?

ಆಪ್ಷನ್ ಮಾರಿ ಫ್ಯೂಚರ್ಸ್‌ನಲ್ಲಿ ಡೆಲ್ಟಾ ಹೆಜ್ ಮಾಡೋರು ಸೇರಿದ ಕಡೆ ಎಲ್ಲಾ ಒಂದು ಜಗಳ ಇದ್ದೇ ಇರತ್ತೆ, ಎಷ್ಟು ಸಲ ರೀಬ್ಯಾಲೆನ್ಸ್ ಮಾಡ್ಬೇಕು ಅಂತ. ಜಾಸ್ತಿ ಮಾಡಿದಷ್ಟೂ ಒಳ್ಳೇದು ಅಂತ ಒಬ್ರು, ಬ್ರೋಕರ್‌ಗೆ ದುಡಿದು ಹಾಕ್ತೀಯಾ ಅಂತ ಇನ್ನೊಬ್ರು. ನಾನು ಪೈಥಾನ್‌ನಲ್ಲಿ ಸಾವಿರಾರು ಪಾತ್ ಓಡಿಸಿ, ಒಂದೇ ಆಪ್ಷನ್‌ನ ಬೇರೆ ಬೇರೆ ಥರ ಹೆಜ್ ಮಾಡಿ ನೋಡ್ದೆ. ಜೊತೆಗೆ ಫಾರ್ಮುಲಾನೂ ಇಟ್ಕೊಂಡಿದ್ದೆ, ಎರಡೂ ಹತ್ತಿರಹತ್ತಿರ ಕೂತ್ಕೊಂಡ್ವು.

ಸೆಟಪ್ ಇಷ್ಟೇ. ನಿಫ್ಟಿ 25,000 ಅಂತ ಇಟ್ಕೊಳ್ಳಿ, ಅದೇ ಸ್ಟ್ರೈಕ್‌ನ ಕಾಲ್ ಮಾರಿದೀವಿ, ಎಕ್ಸ್‌ಪೈರಿಗೆ 20 ಟ್ರೇಡಿಂಗ್ ದಿನ, ವೊಲಾಟಿಲಿಟಿ 14%. ಫ್ಯೂಚರ್ಸ್ ಕೂಡ 25,000ದಲ್ಲೇ ಇದೆ ಅಂತ ಇಟ್ಕೊಂಡು ಬಡ್ಡಿ ತಲೆನೋವು ಬಿಟ್ಟೆ. ಹಾಗಾದ್ರೆ ಪ್ರೀಮಿಯಂ ಸುಮಾರು 393 ಪಾಯಿಂಟ್, ಡೆಲ್ಟಾ 0.5, ಒಂದು ದಿನದ ಸಾಮಾನ್ಯ ಏರಿಳಿತ ಅಂದ್ರೆ ಒಂದು ಸಿಗ್ಮಾ 220 ಪಾಯಿಂಟ್.

ಮೊದಲು ಎರರ್ ಎಲ್ಲಿಂದ ಹುಟ್ಟತ್ತೆ ನೋಡೋಣ, ಯಾಕಂದ್ರೆ ಇದು ತಲೆಗೆ ಹೋಗದೆ ಮುಂದಿನ ನಂಬರ್‌ಗಳೆಲ್ಲ ಬರೀ ನಂಬರ್ ಆಗತ್ತೆ. ಎರಡು ರೀಬ್ಯಾಲೆನ್ಸ್ ಮಧ್ಯೆ ಆಪ್ಷನ್ ಮಾರಿದವನಿಗೆ ಆಗೋ ನಷ್ಟ ಸುಮಾರಾಗಿ ಹೀಗೆ:

```
0.5 * Gamma * S^2 * ( (dS/S)^2 - sigma^2 * dt )
```

ಬ್ರಾಕೆಟ್‌ನಲ್ಲಿ ಮೊದಲನೇದು ಮಾರ್ಕೆಟ್ ನಿಜವಾಗ್ಲೂ ಓಡಿದ್ದು, ಎರಡನೇದು ನಾವು ಥೀಟಾ ರೂಪದಲ್ಲಿ ಕೈಗೆ ತಗೊಂಡಿದ್ದು. ನಮ್ಮ ಆಪ್ಷನ್‌ಗೆ ಮೊದಲ ದಿನದ ಥೀಟಾ ಸುಮಾರು 9.8 ಪಾಯಿಂಟ್. ನಿಫ್ಟಿ ಅವತ್ತು ಸರಿಯಾಗಿ 220 ಓಡಿದ್ರೆ ಗಾಮಾ ನಷ್ಟವೂ 9.8, ಲೆಕ್ಕ ಚುಕ್ತಾ. ಅಲ್ಲಾಡದೆ ಕೂತ್ರೆ 9.8 ನಮ್ಮ ಜೇಬಿಗೆ. 440 ಓಡಿದ್ರೆ ಗಾಮಾ ನಷ್ಟ ಎರಡರಷ್ಟಲ್ಲ, ನಾಲ್ಕರಷ್ಟು, 39ರ ಹತ್ತಿರ, ಥೀಟಾ ಕಳೆದು ಕೈಯಿಂದ ಹೋಗಿದ್ದು 29.5. ಅಂದ್ರೆ ಮೂರರಲ್ಲಿ ಎರಡು ದಿನ ಸಣ್ಣ ಲಾಭ, ಉಳಿದ ದಿನ ಅದನ್ನೆಲ್ಲ ನುಂಗೋ ನಷ್ಟ, ಸರಾಸರಿ ಸೊನ್ನೆ.

ಈಗ ಅದೇ 440ರ ದಿನಾನ ಗಂಟೆಗೊಮ್ಮೆ ಹೆಜ್ ಮಾಡೋನ ಕಣ್ಣಲ್ಲಿ ನೋಡಿ. ಆರು ಗಂಟೆಯಲ್ಲಿ ಒಂದೇ ದಿಕ್ಕಿಗೆ ಗಂಟೆಗೆ 73 ಪಾಯಿಂಟ್ ಥರ ಏರಿದ್ರೆ ಅವನ ಗಾಮಾ ನಷ್ಟ ಒಟ್ಟು ಆರೂವರೆ ಅಷ್ಟೇ, ಥೀಟಾ ಸೇರಿಸಿದ್ರೆ 3 ಪಾಯಿಂಟ್ ಲಾಭ. ದಿನಕ್ಕೊಮ್ಮೆಯವನು 29.5 ಕಳ್ಕೊಂಡ ದಿನಾನೇ! ಹಾಗಂತ ಗಂಟೆಗೊಮ್ಮೆಯವನು ಯಾವಾಗ್ಲೂ ಗೆಲ್ತಾನೆ ಅಂತಲ್ಲ. ಮಧ್ಯಾಹ್ನದವರೆಗೆ 440 ಏರಿ ಆಮೇಲೆ ಅಷ್ಟೂ ಇಳಿದು ಬಂದ್ರೆ ದಿನಕ್ಕೊಮ್ಮೆಯವನಿಗೆ ಏನೂ ಆಗೇ ಇಲ್ಲ, 9.8 ಲಾಭ ಹಾಕ್ಕೊಂಡು ಮನೆಗೆ ಹೋಗ್ತಾನೆ, ಗಂಟೆಗೊಮ್ಮೆಯವನು ಮೇಲೆ ಕೊಂಡು ಕೆಳಗೆ ಮಾರಿ 16 ಪಾಯಿಂಟ್ ಕಳ್ಕೊಂಡಿರ್ತಾನೆ. ಇಬ್ಬರೂ ಅದೇ ಮಾರ್ಕೆಟ್‌ನ ವೊಲಾಟಿಲಿಟಿನ ಅಳೀತಿದ್ದಾರೆ, ಒಬ್ಬನ ಹತ್ರ ತಿಂಗಳಿಗೆ 20 ಸ್ಯಾಂಪಲ್, ಇನ್ನೊಬ್ಬನ ಹತ್ರ 120. ಸ್ಯಾಂಪಲ್ ಜಾಸ್ತಿ ಇದ್ದಷ್ಟೂ ಅಳತೆ ನಿಜವಾದ 14%ಗೆ ಹತ್ತಿರ ಬರತ್ತೆ, ಸರಾಸರಿ ಲಾಭ ಬದಲಾಗಲ್ಲ, ಅದರ ಹರವು ಮಾತ್ರ ಕಮ್ಮಿ ಆಗತ್ತೆ.

ಎಷ್ಟು ಕಮ್ಮಿ ಅನ್ನೋದಕ್ಕೆ ಡರ್ಮನ್ ಮತ್ತು ಕಮಲ್ 1999ರಲ್ಲಿ ಕೊಟ್ಟ ಸೂತ್ರ ಅಟ್-ದ-ಮನಿ ಆಪ್ಷನ್‌ಗೆ ತುಂಬಾ ಚೆನ್ನಾಗಿ ಕೆಲಸ ಮಾಡತ್ತೆ:

```
sd = sqrt(pi/4) * vega * sigma / sqrt(N)
   ≈ 0.89 * premium / sqrt(N)
```

N ಅಂದ್ರೆ ರೀಬ್ಯಾಲೆನ್ಸ್ ಸಂಖ್ಯೆ. ವೇರಿಯನ್ಸ್ 1/N ಥರ ಇಳಿಯತ್ತೆ, ಸ್ಟ್ಯಾಂಡರ್ಡ್ ಡೀವಿಯೇಷನ್ ಅದರ ವರ್ಗಮೂಲದ ಥರ, ಹಾಗಾಗಿ ರಿಸ್ಕ್ ಅರ್ಧ ಆಗ್ಬೇಕಂದ್ರೆ ಕೆಲಸ ನಾಲ್ಕು ಪಟ್ಟು. ನನ್ನ ಪಾತ್‌ಗಳಲ್ಲಿ ವಾರಕ್ಕೊಮ್ಮೆ ಮಾಡಿದ್ರೆ ಲಾಭನಷ್ಟದ ಹರವು 150 ಪಾಯಿಂಟ್ ಆಸುಪಾಸು, ದಿನಕ್ಕೊಮ್ಮೆ 73, ಗಂಟೆಗೊಮ್ಮೆ 31. (ಸೂತ್ರ ಇದೇ ಮೂರಕ್ಕೆ 174, 78, 32 ಅನ್ನತ್ತೆ. N ಸಣ್ಣದಿದ್ದಾಗ ಅದು ಸ್ವಲ್ಪ ಜಾಸ್ತಿ ಹೇಳತ್ತೆ, ಎಕ್ಸ್‌ಪೈರಿ ಹತ್ತಿರ ಗಾಮಾ ಚೂಪಾಗೋದನ್ನ ಅದು ನಿರಂತರ ಅಂತ ಕೂಡಿಸತ್ತೆ, ನಮ್ಮ ಹೆಜ್ ಹಾಗೆ ನಡೆಯಲ್ಲ.) 393 ಪ್ರೀಮಿಯಂಗೆ 150 ಹರವು ಅಂದ್ರೆ ವಾರಕ್ಕೊಮ್ಮೆ ಮಾಡೋದು ಹೆಜ್ ಅಲ್ಲ, ಅರ್ಧ ಜೂಜು, ಅದನ್ನ ಇಲ್ಲೇ ಬಿಡೋಣ.

ಹಾಗಾದ್ರೆ ನಿಮಿಷಕ್ಕೊಮ್ಮೆ? ಕಾಗದದ ಮೇಲೆ ಹರವು 4 ಪಾಯಿಂಟ್‌ಗೆ ಇಳಿಯತ್ತೆ, ಆಸೆ ಹುಟ್ಟಿಸೋ ನಂಬರ್. ಆದ್ರೆ ಖರ್ಚು √N ಥರ ಏರತ್ತೆ. ಇದರ ಲೆಕ್ಕ ಬಹಳ ಚೆಂದ ಇದೆ, ಅಟ್-ದ-ಮನಿ ಆಪ್ಷನ್‌ಗೆ ಮಧ್ಯದ ರೀಬ್ಯಾಲೆನ್ಸ್‌ಗಳ ಒಟ್ಟು ಫ್ಯೂಚರ್ಸ್ ಟರ್ನೋವರ್ ಸರಾಸರಿ √N/π ಯೂನಿಟ್. ದಿನಕ್ಕೊಮ್ಮೆಗೆ 1.4, ಗಂಟೆಗೊಮ್ಮೆಗೆ 3.5. ಪ್ರತಿ ಸಲ ಕೊಳ್ಳೋಕೆ ಇಲ್ಲಾ ಮಾರೋಕೆ ಸ್ಲಿಪೇಜ್, ಎಸ್‌ಟಿಟಿ, ಉಳಿದ ಚಾರ್ಜ್ ಎಲ್ಲಾ ಸೇರಿ ಸರಾಸರಿ 0.02% ಅಂತ ಇಟ್ಕೊಂಡೆ, ನಿಮ್ಮದು ಬೇರೆ ಇದ್ರೆ ಅದನ್ನೇ ಹಾಕ್ಕೊಳ್ಳಿ. ದಿನಕ್ಕೊಮ್ಮೆಯವನ ಖರ್ಚು 7 ಪಾಯಿಂಟ್, ಗಂಟೆಗೊಮ್ಮೆಯವನದು 17, ನಿಮಿಷಕ್ಕೊಮ್ಮೆಯವನದು 138. ಪ್ರೀಮಿಯಂನ ಮೂರನೇ ಒಂದು ಭಾಗ ಖಾತ್ರಿ ನಷ್ಟ, ಹರವು ಕಮ್ಮಿ ಇರೋ ನಷ್ಟ ಅನ್ನೋದೊಂದೇ ಸಮಾಧಾನ.

ಇನ್ನೊಂದು ವಿಷಯ ಸಿಮ್ಯುಲೇಷನ್‌ನಲ್ಲಿ ಸುಮ್ನೆ ಕಾಣಲ್ಲ. ಮಾರ್ಕೆಟ್ 9:15ಕ್ಕೆ ತೆಗೆದು 3:30ಕ್ಕೆ ಮುಚ್ಚತ್ತೆ, ರಾತ್ರಿ ಆಗೋ ಬದಲಾವಣೆ ಎಲ್ಲ ಒಂದೇ ಗ್ಯಾಪ್ ಆಗಿ ಬೆಳಿಗ್ಗೆ ಮುಖಕ್ಕೆ ಬಡಿಯತ್ತೆ. ದಿನದ ಒಟ್ಟು ವೇರಿಯನ್ಸ್‌ನಲ್ಲಿ 30% ರಾತ್ರಿ ಗ್ಯಾಪ್‌ನಿಂದ ಬರತ್ತೆ ಅಂತ ಊಹಿಸಿ ಪಾತ್‌ಗಳನ್ನ ಮತ್ತೆ ಓಡಿಸ್ದೆ. ಹೆಜ್ ಎರರ್‌ನ ವೇರಿಯನ್ಸ್ ಪ್ರತಿ ಹೆಜ್ಜೆಯ ವೇರಿಯನ್ಸ್‌ನ ವರ್ಗಗಳನ್ನ ಕೂಡಿಸಿದಷ್ಟು, ಹಾಗಾಗಿ ಒಂದು ದೊಡ್ಡ ಹೆಜ್ಜೆ ಇದ್ರೆ ಅದೇ ಆಳತ್ತೆ. ಹಗಲಲ್ಲಿ ಎಷ್ಟೇ ಸಲ ಹೆಜ್ ಮಾಡಿ, ಹರವು ದಿನಕ್ಕೊಮ್ಮೆ ಮಾಡಿದ್ದರ 30%ಗಿಂತ ಕೆಳಗೆ ಇಳಿಯೋದೇ ಇಲ್ಲ, ನಮ್ಮ ಲೆಕ್ಕದಲ್ಲಿ 22 ಪಾಯಿಂಟ್. ಗಂಟೆಗೊಮ್ಮೆಯವನು ಆಗ್ಲೇ 30ರಲ್ಲಿ ಇದ್ದಾನೆ. ಅಂದ್ರೆ ನಿಮಿಷಕ್ಕೊಮ್ಮೆಯವನು ಆ 120 ಪಾಯಿಂಟ್ ಹೆಚ್ಚುವರಿ ಖರ್ಚಿಗೆ ಕೊಂಡಿದ್ದು 8 ಪಾಯಿಂಟ್ ನೆಮ್ಮದಿ. ಬದಲಿಗೆ ಬೆಳಿಗ್ಗೆ ಗ್ಯಾಪ್ ಆದ ಕೂಡಲೇ ಒಂದು, ಮಧ್ಯಾಹ್ನ ಒಂದು, ಮುಚ್ಚೋ ಮೊದಲು ಒಂದು, ಹೀಗೆ ಮೂರೇ ಸಲ ಮಾಡಿದ್ರೂ ಹರವು 42ಕ್ಕೆ ಬಂತು. ಗಡಿಯಾರ ನೋಡ್ಕೊಂಡೇ ಹೆಜ್ ಮಾಡ್ತೀನಿ ಅನ್ನೋರಿಗೆ ನನ್ನ ಓಟು ಇದಕ್ಕೇ.

ಗಡಿಯಾರ ಬಿಟ್ಟು ಡೆಲ್ಟಾ ನೋಡ್ಕೊಂಡು ಮಾಡೋದು ಇನ್ನೊಂದು ದಾರಿ. ಇರಬೇಕಾದ ಡೆಲ್ಟಾಗೂ ಕೈಯಲ್ಲಿರೋ ಫ್ಯೂಚರ್ಸ್‌ಗೂ 0.10 ವ್ಯತ್ಯಾಸ ಬರೋತನಕ ಸುಮ್ನಿರೋದು, ಬಂದ್ರೆ ಸರಿಮಾಡೋದು. ಗ್ಯಾಪ್ ಇಲ್ಲದ ಪಾತ್‌ಗಳಲ್ಲಿ ಇದಕ್ಕೆ ತಿಂಗಳಿಗೆ ಸರಾಸರಿ 25 ಟ್ರೇಡ್ ಬಿತ್ತು, ಹರವು 40. ಗಡಿಯಾರದ ಲೆಕ್ಕದಲ್ಲಿ 25 ಸಲ ಮಾಡಿದ್ರೆ 65 ಬರತ್ತೆ, ಹಾಗಾಗಿ ಮೊದಲ ನೋಟಕ್ಕೆ ಬ್ಯಾಂಡ್ ಭರ್ಜರಿಯಾಗಿ ಗೆದ್ದಂಗೆ ಕಾಣತ್ತೆ. ಆದ್ರೆ ಟರ್ನೋವರ್ ನೋಡಿದ್ರೆ ಕಥೆ ಬೇರೆ, ಬ್ಯಾಂಡ್‌ನದು 2.5 ಯೂನಿಟ್, ಗಡಿಯಾರದ್ದು 1.6. ಟ್ರೇಡ್ ಸಂಖ್ಯೆ ಬಿಟ್ಟು ಟರ್ನೋವರ್ ಸಮ ಮಾಡಿ ಹೋಲಿಸಿದ್ರೆ 40ಕ್ಕೆ 43, ಅಷ್ಟೇ. ಆರ್ಡರ್‌ಗೆ ಇಷ್ಟು ಅಂತ ಫ್ಲಾಟ್ ಬ್ರೋಕರೇಜ್ ಇದ್ದು ಸಣ್ಣ ಪೊಸಿಷನ್ ಇರೋನಿಗೆ ಬ್ಯಾಂಡ್ ದೊಡ್ಡ ಲಾಭ, ಖರ್ಚೆಲ್ಲಾ ಶೇಕಡಾ ಲೆಕ್ಕದಲ್ಲಿ ಹೋಗೋ ದೊಡ್ಡ ಬುಕ್‌ಗೆ ಇದರಿಂದ ಅಂಥಾ ವ್ಯತ್ಯಾಸ ಏನಿಲ್ಲ.

ಅಲ್ಲೊಂದು ಸಣ್ಣ ತಿದ್ದುಪಡಿ ಮಾಡಿದ್ರೆ ಆಟ ಬದಲಾಗತ್ತೆ. ಬ್ಯಾಂಡ್ ದಾಟಿದಾಗ ಡೆಲ್ಟಾನ ಪೂರ್ತಿ ಸರಿಮಾಡೋಕೆ ಹೋಗ್ಬೇಡಿ, ಬ್ಯಾಂಡ್‌ನ ಅಂಚಿಗೆ ವಾಪಸ್ ತಂದು ಬಿಡಿ. 0.07 ಅಗಲದ ಬ್ಯಾಂಡ್ ಇಟ್ಟು ಹೀಗೆ ಅಂಚಿಗಷ್ಟೇ ತಂದಾಗ ಹರವು ಅದೇ 40, ಟರ್ನೋವರ್ ಮಾತ್ರ 1.8ಕ್ಕೆ ಇಳೀತು. ಗಡಿಯಾರದ ಲೆಕ್ಕದಲ್ಲಿ ಅಷ್ಟೇ ಹರವಿಗೆ ಎರಡೂವರೆಗಿಂತ ಮೇಲೆ ಬೇಕು. ಕಾರಣ ಸರಳ, ನಡುವಿನವರೆಗೆ ತಂದಾಗ ಮಾರ್ಕೆಟ್ ಸುಮ್ನೆ ವಾಪಸ್ ಬಂದ್ರೂ ನಾವು ಪೂರ್ತಿ ದೂರ ಕೊಂಡು ಪೂರ್ತಿ ದೂರ ಮಾರಿರ್ತೀವಿ, ಅಂಚಿಗೆ ತಂದ್ರೆ ಬೇಕಾದಷ್ಟೇ. ಖರ್ಚು ಟರ್ನೋವರ್‌ಗೆ ತಕ್ಕಂತೆ ಇದ್ದಾಗ ಅಂಚೇ ಸರಿ ಅನ್ನೋದು ವೇಲಿ ಮತ್ತು ವಿಲ್ಮಟ್ 1997ರಲ್ಲಿ ತೋರಿಸಿದ ಫಲಿತಾಂಶದ ಭಾಗ. ಅವರ ಬ್ಯಾಂಡ್‌ನ ಅಗಲ ಗಾಮಾ ಜೊತೆ ಬದಲಾಗತ್ತೆ, ನಾನು ಸೋಮಾರಿ, ಒಂದೇ ಅಗಲ ಇಟ್ಟೆ. ತೊಂದರೆ ಏನಂದ್ರೆ ಟ್ರೇಡ್‌ಗಳು ಚೂರುಚೂರಾಗಿ ಬರತ್ತೆ, ಆದ್ರೆ ಫ್ಯೂಚರ್ಸ್ ಲಾಟ್‌ನಲ್ಲಿ ಮಾತ್ರ ಸಿಗೋದು. ಹತ್ತು ಲಾಟ್ ಆಪ್ಷನ್ ಮಾರಿದವನಿಗೆ ಒಂದು ಲಾಟ್ ಫ್ಯೂಚರ್ಸ್ ಅಂದ್ರೆನೇ 0.10 ಡೆಲ್ಟಾ, 0.07 ಬ್ಯಾಂಡ್‌ನ ಅಂಚಿಗೆ ತರೋಕೆ ಅವನ ಕೈಲಿ ಆಗಲ್ಲ. ಐವತ್ತು ಲಾಟ್ ಇದ್ದೋನಿಗೆ ಆಗತ್ತೆ. ರಾತ್ರಿ ಗ್ಯಾಪ್ ಮಾತ್ರ ಬ್ಯಾಂಡ್‌ನೂ ಕೇಳಲ್ಲ, ಬೆಳಿಗ್ಗೆ ಅಂಚು ದಾಟಿ ಎಲ್ಲೋ ಹೋಗಿ ಕೂತಿರತ್ತೆ.

ಈ ಹೋಲಿಕೆ ಎಲ್ಲಾ ನಿಂತಿರೋದು ವೊಲಾಟಿಲಿಟಿ ನಿಜವಾಗ್ಲೂ 14% ಅನ್ನೋದರ ಮೇಲೆ. 14ಕ್ಕೆ ಮಾರಿದ್ದು ಮಾರ್ಕೆಟ್ 16ರಲ್ಲಿ ಓಡಿದ್ರೆ? ಈ ಆಪ್ಷನ್‌ನ ವೇಗಾ ಒಂದು ಪಾಯಿಂಟ್ ವೊಲಾಟಿಲಿಟಿಗೆ 28, ಎರಡಕ್ಕೆ 56 ಪಾಯಿಂಟ್ ನಷ್ಟ, ಅದನ್ನ ಯಾವ ಫ್ರೀಕ್ವೆನ್ಸಿಯೂ ಉಳಿಸಲ್ಲ. ಗಂಟೆಗೊಮ್ಮೆಯವನ ಹರವು 31 ಇದ್ದಾಗ 56 ಅಂದ್ರೆ ಸಣ್ಣದಲ್ಲ. ಯಾವುದು ಯಾವ ರೋಗ ಅಂತ ಗೊತ್ತಾಗ್ಬೇಕಂದ್ರೆ ನಿಮ್ಮ ಹಳೇ ಪೊಸಿಷನ್‌ಗಳ ಟಿಕ್ ಡೇಟಾ ತಗೊಂಡು ಅದೇ ಆಪ್ಷನ್‌ಗಳನ್ನ ದಿನಕ್ಕೊಮ್ಮೆ, ಮೂರು ಸಲ, ಗಂಟೆಗೊಮ್ಮೆ ಹೆಜ್ ಮಾಡಿದ್ರೆ ಏನಾಗ್ತಿತ್ತು ಅಂತ ಖರ್ಚು ಬಿಟ್ಟು ಓಡಿಸಿ. ಒಂದರಲ್ಲಿ ಲಾಭ ಒಂದರಲ್ಲಿ ನಷ್ಟ ಅಂತ ಸೊನ್ನೆಯ ಎರಡೂ ಕಡೆ ಚೆಲ್ಲಾಡಿದ್ರೆ ಅದು ರೀಬ್ಯಾಲೆನ್ಸ್ ಎರರ್. ಮೂರರಲ್ಲೂ ನಷ್ಟವೇ, ಅದೂ ಹೆಚ್ಚುಕಮ್ಮಿ ಅಷ್ಟಷ್ಟೇ, ಅಂತ ತಿಂಗಳು ತಿಂಗಳೂ ಬಂದ್ರೆ ನೀವು ಆಪ್ಷನ್‌ನ ಅಗ್ಗಕ್ಕೆ ಮಾರ್ತಿದೀರಿ.